ಕಳೆದುಹೋದ ಸುದ್ದಿಗೆ ರಾತ್ರಿಯ ತಾಳೆ

ಧಾರವಾಡದ ಓದುಗರೊಬ್ಬರು ರಾತ್ರಿ 11:52ಕ್ಕೆ ಆನ್‌ಲೈನ್ ಪುಸ್ತಕದಂಗಡಿಯೊಂದಕ್ಕೆ ಯುಪಿಐ ಮೂಲಕ 640 ರೂಪಾಯಿ ಕಟ್ಟಿದರು ಎಂದುಕೊಳ್ಳಿ. ಹಣ ಸೇರಿದ ಕೂಡಲೇ ಪೇಮೆಂಟ್ ಗೇಟ್‌ವೇ ತಾನಾಗಿಯೇ ಅಂಗಡಿಯ ಸರ್ವರ್‌ಗೆ ಸುದ್ದಿ ಮುಟ್ಟಿಸುತ್ತದೆ. ಇದೇ ವೆಬ್‌ಹುಕ್. ‘ಹಣ ಬಂತೇ?’ ಎಂದು ಅಂಗಡಿ ನಿಮಿಷಕ್ಕೊಮ್ಮೆ ವಿಚಾರಿಸಬೇಕಾಗಿಲ್ಲ.

ಆದರೆ ಆ ಸುದ್ದಿ ಕಳೆದುಹೋಗಬಹುದು. ಸರ್ವರ್ ಕೆಟ್ಟು ನಿಂತಿದ್ದರೆ ಕೆಲವರು ಮತ್ತೆ ಕಳಿಸುತ್ತಾರೆ. ಸ್ಟ್ರೈಪ್ 3 ದಿನಗಳವರೆಗೆ ಪ್ರಯತ್ನಿಸುತ್ತದೆ, ಗಿಟ್‌ಹಬ್ ತಾನಾಗಿ ಮರಳಿ ಕಳಿಸುವುದೇ ಇಲ್ಲ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಸರ್ವರ್ ‘ಸಿಕ್ಕಿತು’ ಎಂದು ಉತ್ತರಿಸಿ, ಡೇಟಾಬೇಸ್‌ನಲ್ಲಿ ಬರೆದುಕೊಳ್ಳುವ ಮೊದಲೇ ನಿಂತುಹೋದರೆ, ಕಳಿಸಿದವರ ಪಾಲಿಗೆ ಕೆಲಸ ಮುಗಿದಂತೆಯೇ. ಯಾರೂ ಮತ್ತೆ ಕಳಿಸುವುದಿಲ್ಲ. ನಮ್ಮ ಓದುಗರ ಹಣ ಹೋಗಿದೆ, ಆರ್ಡರ್ ಮಾತ್ರ ‘ಪಾವತಿ ಬಾಕಿ’ ಎಂದೇ ಕುಳಿತಿದೆ.

ಅಂಗಡಿ ಮುಚ್ಚುವಾಗ ಗಲ್ಲಾಪೆಟ್ಟಿಗೆಯ ದುಡ್ಡನ್ನು ಪುಸ್ತಕದೊಂದಿಗೆ ತಾಳೆ ನೋಡುವುದು ಹಳೆಯ ಪದ್ಧತಿ. ಇಲ್ಲಿಯೂ ಅದೇ ಬೇಕು. ಬೆಳಗಿನ ಜಾವ 2 ಗಂಟೆಗೆ ಪುಟ್ಟ ಪ್ರೋಗ್ರಾಮೊಂದು ಎದ್ದು, ಪಾವತಿಗಳ ಪಟ್ಟಿಯನ್ನು ಗೇಟ್‌ವೇಯಿಂದ ತರಿಸಿಕೊಂಡು, ಒಂದೊಂದನ್ನೂ ಆರ್ಡರ್ ಜತೆ ಹೋಲಿಸುತ್ತದೆ. 640 ರೂಪಾಯಿ ಅಲ್ಲಿ ಕಾಣಿಸುತ್ತದೆ, ಇಲ್ಲಿಲ್ಲ. ಆರ್ಡರ್ ಸರಿಯಾಗಿ, ಬೆಳಿಗ್ಗೆ ಪುಸ್ತಕ ಹೊರಡುತ್ತದೆ.

ಪಟ್ಟಿ ಎಷ್ಟು ಹಿಂದಿನಿಂದ ಬೇಕು? ಒಂದೇ ದಿನದ್ದು ಸಾಲದು, 3 ದಿನಗಳದ್ದು ಕೇಳಿ. ಪಟ್ಟಿ ಸಾಮಾನ್ಯವಾಗಿ ಪಾವತಿ ಶುರುವಾದ ಸಮಯದಂತೆ ಸಿಗುತ್ತದೆ. ಮೊನ್ನೆ ಶುರುವಾಗಿ ಇಂದು ಖಚಿತವಾದದ್ದು ಒಂದು ದಿನದ ಪಟ್ಟಿಯಲ್ಲಿ ಬರುವುದಿಲ್ಲ. ಗಡಿಯಾರದ ಮೇಲೂ ಕಣ್ಣಿಡಬೇಕು. ಸರ್ವರ್‌ಗಳು ಹೆಚ್ಚಾಗಿ ಯುಟಿಸಿ ಸಮಯ ಬಳಸುತ್ತವೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ, ಹಾಗಾಗಿ ನಮ್ಮ ಬೆಳಗಿನ ಐದೂವರೆವರೆಗಿನ ವ್ಯವಹಾರ ಅಲ್ಲಿ ಹಿಂದಿನ ತಾರೀಖಿಗೆ ಸೇರುತ್ತದೆ.

ಹೀಗೆ ಮಾಡಿದಾಗ ಒಂದೇ ಪಾವತಿ ಹಲವು ಸಲ ಕಣ್ಣಿಗೆ ಬೀಳುವುದು ಖಚಿತ. ಪುಸ್ತಕ ಎರಡು ಸಲ ಹೋಗಬಾರದಲ್ಲ! ಅದಕ್ಕೆ ಪಾವತಿ ಸಂಖ್ಯೆಯನ್ನು ಡೇಟಾಬೇಸ್ ಒಮ್ಮೆ ಮಾತ್ರ ಒಪ್ಪಿಕೊಳ್ಳುವಂತೆ ಕಟ್ಟುಪಾಡು ಹಾಕಬೇಕು. ವೆಬ್‌ಹುಕ್ ತಂದ ಸುದ್ದಿಯಾಗಲಿ, ರಾತ್ರಿ ಸಿಕ್ಕಿದ್ದಾಗಲಿ, ಆರ್ಡರ್ ತಿದ್ದುವ ಕೋಡ್ ಒಂದೇ ಇರಬೇಕು. ಎರಡು ಕಡೆ ಬರೆದರೆ ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುತ್ತೇವೆ.

ಈ ತಾಳೆಗೂ ಮಿತಿಯಿದೆ. ಬೆಳಿಗ್ಗೆ 10ಕ್ಕೆ ತಪ್ಪಿದ ಸುದ್ದಿ ಮರುದಿನ 2 ಗಂಟೆವರೆಗೆ ಕಾಯುತ್ತದೆ. ಜತೆಗೆ, ಅದು ಸದ್ದಿಲ್ಲದೆ ಎಲ್ಲವನ್ನೂ ಸರಿಪಡಿಸುತ್ತಾ ಹೋದರೆ ವೆಬ್‌ಹುಕ್ ಪೂರ್ತಿ ಕೆಟ್ಟದ್ದೇ ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿ ರಾತ್ರಿ ಎಷ್ಟು ಆರ್ಡರ್ ತಿದ್ದಿತೆಂದು ಅದು ಬರೆದಿಡಲಿ. ದಿನವೂ ಒಂದೆರಡು ಇದ್ದದ್ದು ಒಂದು ದಿನ ನಲವತ್ತಾದರೆ, ಅಂದು ಬೆಳಿಗ್ಗೆ ಮೊದಲು ವೆಬ್‌ಹುಕ್ ವಿಳಾಸವನ್ನೇ ಪರೀಕ್ಷಿಸಿ.