ಜೂನ್ ಹದಿನೈದಕ್ಕೆ ಮೊದಲ ಕಂತು

ಸಂಬಳದವರ ತೆರಿಗೆಯನ್ನು ಕಚೇರಿಯೇ ತಿಂಗಳು ತಿಂಗಳು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತದೆ. ಮನೆಯಲ್ಲಿ ಕೂತು ಹತ್ತಾರು ಕಡೆಯ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗೆ ಹಾಗೆ ಹಿಡಿದುಕೊಳ್ಳುವವರು ಅಲ್ಲಲ್ಲಿ ಇರುತ್ತಾರೆ, ಅಲ್ಲಲ್ಲಿ ಇರುವುದಿಲ್ಲ. ವರ್ಷದ ಒಟ್ಟು ತೆರಿಗೆಯಲ್ಲಿ ಟಿಡಿಎಸ್ ಕಳೆದು ಇನ್ನೂ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿಯುವಂತಿದ್ದರೆ, ಆ ಬಾಕಿಯನ್ನು ವರ್ಷ ಮುಗಿಯುವ ಮೊದಲೇ ಕಟ್ಟಬೇಕು. ಇದೇ ಅಡ್ವಾನ್ಸ್ ಟ್ಯಾಕ್ಸ್, ಅಂದರೆ ಮುಂಗಡ ತೆರಿಗೆ.

ಕಂತುಗಳು ನಾಲ್ಕು. ಜೂನ್ 15ರೊಳಗೆ ಬಾಕಿಯ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75, ಮಾರ್ಚ್ 15ರೊಳಗೆ ಪೂರ್ತಿ. ಈ ಶೇಕಡಾವಾರು ಆ ದಿನದವರೆಗೆ ಒಟ್ಟು ಕಟ್ಟಿರಬೇಕಾದ ಮೊತ್ತದ್ದು. ಸೆಪ್ಟೆಂಬರಿನ 45ರಲ್ಲಿ ಜೂನಿನ 15 ಸೇರಿದೆ.

ಎಲ್ಲ ಫ್ರೀಲಾನ್ಸರ್‌ಗಳಿಗೂ ನಾಲ್ಕು ಕಂತು ಕಡ್ಡಾಯವಲ್ಲ. ವಕೀಲರು, ವೈದ್ಯರು, ಎಂಜಿನಿಯರುಗಳು, ಆರ್ಕಿಟೆಕ್ಟ್‌ಗಳು, ಮಾಹಿತಿ ತಂತ್ರಜ್ಞಾನದವರು, ಸಿನಿಮಾ ಕಲಾವಿದರು ಹೀಗೆ ಕಾಯ್ದೆ ಹೆಸರಿಸಿದ ಕೆಲವು ವೃತ್ತಿಗಳಿವೆ. ಅವರ ವರ್ಷದ ಗಳಿಕೆ 50 ಲಕ್ಷದೊಳಗಿದ್ದರೆ, ನಗದು ಶೇ. 5 ಮೀರದಿದ್ದಾಗ 75 ಲಕ್ಷದೊಳಗಿದ್ದರೆ, ಗಳಿಕೆಯ ಅರ್ಧವನ್ನು ಆದಾಯವೆಂದು ತೋರಿಸಿ ಲೆಕ್ಕಪತ್ರದ ತಾಪತ್ರಯದಿಂದ ಪಾರಾಗಬಹುದು. ಆ ದಾರಿ ಹಿಡಿದವರು ಪೂರ್ತಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಇದನ್ನೇ ಆಡಿಟರ್‌ಗಳು ‘44ಎಡಿಎ’ ಎಂದು ಹಳೆಯ ಕಾಯ್ದೆಯ ಸಂಖ್ಯೆಯಿಂದ ಕರೆಯುತ್ತಾರೆ. ಸಿನಿಮಾಕ್ಕೆ ಸಂಭಾಷಣೆ ಬರೆಯುವವರು, ಹಾಡು ಬರೆಯುವವರು ಈ ಪಟ್ಟಿಯಲ್ಲಿದ್ದಾರೆ. ಅದೇ ಸಿನಿಮಾದ ಸಬ್‌ಟೈಟಲ್ ಅನುವಾದಿಸುವವರ ಹೆಸರು ಅದರಲ್ಲಿಲ್ಲ. ವಿಚಿತ್ರವೆನಿಸಿದರೂ ಪಟ್ಟಿ ಇರುವುದೇ ಹಾಗೆ. ಆದ್ದರಿಂದ ಪಟ್ಟಿಯ ಹೊರಗೆ ಉಳಿದು, ನಾಲ್ಕೂ ಕಂತು ಕಟ್ಟಬೇಕಾದವರ ಲೆಕ್ಕವನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೈಸೂರಿನಲ್ಲಿರುವ ಒಬ್ಬ ಅನುವಾದಕಿ ಎಂದುಕೊಳ್ಳಿ. 2025-26ರಲ್ಲಿ ಆಕೆಗೆ 17.5 ಲಕ್ಷ ಬರಬಹುದೆಂಬ ಅಂದಾಜು. ಇಂಟರ್ನೆಟ್, ಕಂಪ್ಯೂಟರಿನ ಸವಕಳಿ, ಪ್ರೂಫ್ ನೋಡುವವರಿಗೆ ಕೊಟ್ಟದ್ದು ಎಲ್ಲ ಸೇರಿ ಖರ್ಚು 1.5 ಲಕ್ಷ. ಉಳಿಯುವ ಆದಾಯ 16 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ ನಾಲ್ಕು ನಾಲ್ಕು ಲಕ್ಷಗಳಿಗೆ ಶೇ. 5, 10 ಮತ್ತು 15. ಒಟ್ಟು 1,20,000 ರೂಪಾಯಿ, ಅದರ ಮೇಲೆ ಶೇ. 4ರ ಸೆಸ್ ಸೇರಿ 1,24,800. ಸಂಬಳದವರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಆಕೆಗೆ ಇಲ್ಲ. ಹಳೆಯ ಕೆಲಸದ ಅಭ್ಯಾಸದಲ್ಲಿ ಅದನ್ನೂ ಕಳೆದುಕೊಳ್ಳುವವರಿದ್ದಾರೆ.

ಆಕೆಯ ಗಳಿಕೆಯಲ್ಲಿ 6 ಲಕ್ಷ ದೇಶದೊಳಗಿನ ಕಂಪನಿಗಳದ್ದು. ಅವು ಶೇ. 10ರಂತೆ 60,000 ಟಿಡಿಎಸ್ ಹಿಡಿಯುತ್ತವೆ. ಉಳಿದದ್ದು ವಿದೇಶದಿಂದ ಬರುವ ಹಣ. ಅಲ್ಲಿನವರು ಇಲ್ಲಿನ ಟಿಡಿಎಸ್ ಹಿಡಿಯುವುದಿಲ್ಲ, ಇಡೀ ಹೊಣೆ ಆಕೆಯದೇ. 1,24,800ರಲ್ಲಿ 60,000 ಕಳೆದರೆ ಬಾಕಿ 64,800. ಅದನ್ನು ಜೂನ್‌ನಲ್ಲಿ 9,720, ಸೆಪ್ಟೆಂಬರಿನಲ್ಲಿ 19,440, ಡಿಸೆಂಬರಿನಲ್ಲಿ ಮತ್ತೆ 19,440, ಮಾರ್ಚ್‌ನಲ್ಲಿ 16,200 ಎಂದು ಕಟ್ಟಬೇಕು.

ಏನೂ ಕಟ್ಟದೆ ಜುಲೈ ಕೊನೆಗೆ ರಿಟರ್ನ್ ಜೊತೆಗೇ ಕಟ್ಟಿದರೆ? ಬಡ್ಡಿ ಎರಡು ಬಗೆಯಲ್ಲಿ ಬೀಳುತ್ತದೆ. ಕಂತು ತಪ್ಪಿದ್ದಕ್ಕೆ ಮೊದಲ ಮೂರು ಕಂತುಗಳ ಕೊರತೆಯ ಮೇಲೆ ಶೇ. 3, ಕೊನೆಯದರ ಮೇಲೆ ಶೇ. 1: ಆಕೆಗೆ ಒಟ್ಟು 3,270 ರೂಪಾಯಿ. ವರ್ಷ ಮುಗಿಯುವಾಗ ಕಟ್ಟಬೇಕಾದದ್ದರ ಶೇ. 90 ಕೂಡ ಕಟ್ಟಿರದಿದ್ದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇ. 1ರಂತೆ ಇನ್ನೊಂದು ಬಡ್ಡಿ ಓಡುತ್ತದೆ: ನಾಲ್ಕು ತಿಂಗಳಿಗೆ 2,592. ಸೇರಿ 5,862. ಮನೆ ಮುಳುಗುವ ಮೊತ್ತವಲ್ಲ, ಆದರೆ ಸುಮ್ಮನೆ ಕೊಡುವ ಹಣ. ಎರಡನೆಯ ಬಡ್ಡಿಯ ಬಗ್ಗೆ ಒಂದು ಮಾತು ನೆನಪಿಡಬೇಕು. ಸರ್ಕಾರ ರಿಟರ್ನಿನ ಕೊನೆಯ ದಿನವನ್ನು ಮುಂದೂಡಿದರೂ ಅದು ನಿಲ್ಲುವುದಿಲ್ಲ. 2025ರಲ್ಲಿ ಜುಲೈ 31ರ ಗಡುವು ಸೆಪ್ಟೆಂಬರ್ 16ರವರೆಗೆ ಹೋದಾಗ ‘ಇನ್ನೂ ಸಮಯವಿದೆ’ ಎಂದು ಕೂತ ಬಾಕಿದಾರರಿಗೆ ತಿಂಗಳು ತಿಂಗಳು ಬಡ್ಡಿ ಸೇರುತ್ತಲೇ ಇತ್ತು.

ಕಷ್ಟ ಇರುವುದು ತಾರೀಕಿನಲ್ಲಲ್ಲ, ಅಂದಾಜಿನಲ್ಲಿ. ಜನವರಿಯಲ್ಲಿ ವಿದೇಶದಿಂದ 2 ಲಕ್ಷದ ಹೊಸ ಕೆಲಸ ಬಂತು ಎನ್ನಿ. ಆದಾಯ 18 ಲಕ್ಷವಾಯಿತು, ಬಾಕಿ ತೆರಿಗೆ 64,800 ಇದ್ದದ್ದು 1,06,400 ಆಯಿತು. ಜೂನಿನಲ್ಲಿ ಗೊತ್ತೇ ಇರದ ಕೆಲಸಕ್ಕೆ ಜೂನಿನ ಕಂತು ಹೇಗೆ ಕಡಿಮೆಯಾದೀತು ಎಂದು ಕೇಳುವುದು ನ್ಯಾಯವೇ. ಕಾನೂನು ಹಾಗೆ ನೋಡುವುದಿಲ್ಲ. ಇಡೀ ವರ್ಷದ ತೆರಿಗೆಯನ್ನಿಟ್ಟುಕೊಂಡೇ ನಾಲ್ಕೂ ಕಂತುಗಳನ್ನು ಅಳೆಯುತ್ತದೆ. ಷೇರು ಮಾರಿದ ಲಾಭ, ಡಿವಿಡೆಂಡ್, ಲಾಟರಿಗೆ ಈ ವಿಚಾರದಲ್ಲಿ ವಿನಾಯಿತಿಯಿದೆ. ಕೆಲಸ ಬಿಟ್ಟು ಮೊದಲ ಬಾರಿಗೆ ವೃತ್ತಿ ಆರಂಭಿಸಿದವರ ಆ ಆದಾಯಕ್ಕೂ ಇದೆ. ನಡೆಯುತ್ತಿರುವ ವೃತ್ತಿಗೆ ಬಂದ ದೊಡ್ಡ ಬಿಲ್ಲಿಗೆ ಇಲ್ಲ. ಜೂನಿನಲ್ಲಿ ಶೇ. 12, ಸೆಪ್ಟೆಂಬರಿನಲ್ಲಿ ಶೇ. 36 ತಲುಪಿದ್ದರೆ ಆ ಕಂತುಗಳಿಗೆ ಬಡ್ಡಿಯಿಲ್ಲ ಎಂಬ ಸಣ್ಣ ರಿಯಾಯಿತಿ ಇದೆಯಾದರೂ ಆಕೆ ಅದನ್ನೂ ಮುಟ್ಟುವುದಿಲ್ಲ. ಹೊಸ ಬಾಕಿಯ ಶೇ. 12 ಎಂದರೆ 12,768, ಆಕೆ ಕಟ್ಟಿದ್ದು 9,720. ಉಳಿದ 57,800 ರೂಪಾಯಿಯನ್ನು ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿದರೂ ಹಿಂದಿನ ಮೂರು ಕಂತುಗಳ ಕೊರತೆಗೆ 1,683 ರೂಪಾಯಿ ಬಡ್ಡಿ ಬೀಳುತ್ತದೆ. ನನ್ನ ಮಟ್ಟಿಗೆ ಇದು ಭರಿಸಬಹುದಾದ ಖರ್ಚು. ಬರಬಹುದಾದ ಕೆಲಸಕ್ಕೆ ಹೆದರಿ ಜೂನಿನಲ್ಲೇ ಹೆಚ್ಚು ಕಟ್ಟಿ, ರೀಫಂಡ್‌ಗೆ ಕಾಯುತ್ತ ಕೂರುವುದಕ್ಕಿಂತ ಇದೇ ಮೇಲು. ಮಾರ್ಚ್ ಕಂತನ್ನು ಮಾತ್ರ ಸರಿಯಾದ ಲೆಕ್ಕ ಹಾಕಿ ಕಟ್ಟಬೇಕು. ಮಾರ್ಚ್ 15 ತಪ್ಪಿದರೂ 31ರೊಳಗೆ ಕಟ್ಟಿದ್ದು ಮುಂಗಡ ತೆರಿಗೆಯೆಂದೇ ಲೆಕ್ಕ, ಏಪ್ರಿಲ್‌ನಿಂದ ಓಡುವ ಬಡ್ಡಿಯಾದರೂ ತಪ್ಪುತ್ತದೆ.

ಅಂದಾಜಿನ ಇನ್ನೊಂದು ಕಾಲು ಟಿಡಿಎಸ್. ಎಷ್ಟು ಹಿಡಿದಿದ್ದಾರೆ ಎಂಬುದು ಕಂಪನಿಗಳು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವಿವರದಿಂದ ನಿಮ್ಮ ಫಾರಂ 26ಎಎಸ್‌ಗೆ ಬರುತ್ತದೆ. ಆ ವಿವರಗಳ ಗಡುವು ಜುಲೈ 31, ಅಕ್ಟೋಬರ್ 31, ಜನವರಿ 31, ಕೊನೆಯದು ಮೇ 31. ಹಾಗಾಗಿ ಫೋನಿನಲ್ಲಿ ನಾಲ್ಕು ಹದಿನೈದನೇ ತಾರೀಕು ಗುರುತು ಹಾಕಿದರೆ ಅರ್ಧ ಕೆಲಸವಷ್ಟೇ ಆಯಿತು. ಆಗಸ್ಟ್, ನವೆಂಬರ್, ಫೆಬ್ರವರಿಗಳ 10ನೇ ತಾರೀಕಿಗೂ ಒಂದೊಂದು ಅಲಾರ್ಮ್ ಇರಲಿ. ಅಂದು ಪೋರ್ಟಲ್ ತೆರೆದು 26ಎಎಸ್ ಇಳಿಸಿಕೊಂಡು ನಿಮ್ಮ ಬಿಲ್ಲುಗಳ ಜೊತೆ ತಾಳೆ ನೋಡುವುದು. ಶೇ. 10 ಹಿಡಿಯುತ್ತಾರೆಂದು ನಂಬಿದ ಕಂಪನಿ ಗುತ್ತಿಗೆ ಎಂದು ಪರಿಗಣಿಸಿ ಶೇ. 1 ಮಾತ್ರ ಹಿಡಿದದ್ದು, ಹಣ ಹಿಡಿದೂ ನಿಮ್ಮ ಪ್ಯಾನ್ ತಪ್ಪಾಗಿ ನಮೂದಿಸಿದ್ದು ಅಂದೇ ಕಾಣುತ್ತದೆ. ಆಗಲೇ ಅವರ ಅಕೌಂಟ್ಸ್‌ನವರಿಗೆ ಮೇಲ್ ಹಾಕಿದರೆ ಸರಿಯಾಗುವ ಸಾಧ್ಯತೆ ಹೆಚ್ಚು, ವರ್ಷ ಕಳೆದ ಮೇಲೆ ಕೇಳಿದರೆ ಫೋನ್ ಎತ್ತುವವರೇ ಬದಲಾಗಿರುತ್ತಾರೆ.

ಕಟ್ಟುವ ಅಲಾರ್ಮನ್ನು 15ಕ್ಕಲ್ಲ, 10ಕ್ಕೆ ಇಡಿ. incometax.gov.in ಪೋರ್ಟಲಿನ e-Pay Tax ಭಾಗದಲ್ಲಿ ವರ್ಷ ಆರಿಸಿ, Advance Tax (100) ಒತ್ತಿ, ಮೊತ್ತ ತುಂಬಿದಾಗ ಚಲನ್‌ಗೆ ಒಂದು ಸಿಆರ್‌ಎನ್ ಸಂಖ್ಯೆ ಹುಟ್ಟುತ್ತದೆ. ಅದು ಹದಿನೈದು ದಿನ ಜೀವಂತವಾಗಿರುವುದರಿಂದ ಕಟ್ಟಿಯೇ ಆಯಿತೆಂದುಕೊಂಡು ಮರೆಯುವವರಿದ್ದಾರೆ. ಹಣ ಕಟ್ಟಿದ ದಿನವೇ ಲೆಕ್ಕಕ್ಕೆ ಬರುವುದು, ಸಂಖ್ಯೆ ಹುಟ್ಟಿದ ದಿನವಲ್ಲ.

ವರ್ಷ ಆರಿಸುವಲ್ಲಿ ಈಗ ಹೊಸದೊಂದು ಬಲೆಯಿದೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ‘ಅಸೆಸ್‌ಮೆಂಟ್ ವರ್ಷ’ ಹೋಗಿ ‘ತೆರಿಗೆ ವರ್ಷ’ ಬಂದಿದೆ. 2025-26ರಲ್ಲಿ ಗಳಿಸಿದ್ದಕ್ಕೆ ಅಸೆಸ್‌ಮೆಂಟ್ ವರ್ಷ 2026-27. 2026-27ರಲ್ಲಿ ಗಳಿಸುವುದಕ್ಕೆ ತೆರಿಗೆ ವರ್ಷವೂ 2026-27! 2026ರ ಜೂನಿನ ಮುಂಗಡ ಕಂತು ಎರಡನೆಯದಕ್ಕೆ, ರಿಟರ್ನ್ ಹಾಕುವಾಗ ಕಟ್ಟುವ ಹಳೆಯ ಬಾಕಿ ಮೊದಲನೆಯದಕ್ಕೆ. ಅಂಕಿ ಒಂದೇ ಎಂದು ಕಣ್ಣು ಮುಚ್ಚಿ ಒತ್ತಬೇಡಿ. ಕಲಮು, ಫಾರಂಗಳ ಸಂಖ್ಯೆಗಳೂ ಬದಲಾಗಿವೆ, ಆದರೆ ನಾಲ್ಕು ಕಂತುಗಳ ತಾರೀಕು, ಪ್ರಮಾಣ ಹಾಗೆಯೇ ಇವೆ.

ಏಪ್ರಿಲ್‌ಗೆ ಹಳೆಯ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪತ್ರ, ಖರ್ಚಿನ ಬಿಲ್ಲುಗಳನ್ನು ಒಂದೇ ಫೋಲ್ಡರಿಗೆ ಸೇರಿಸುವ ಕೆಲಸವಿದೆ. ಕರ್ನಾಟಕದಲ್ಲಿ ವೃತ್ತಿ ತೆರಿಗೆಗೆ ನೋಂದಾಯಿಸಿಕೊಂಡ ಸ್ವಂತ ವೃತ್ತಿಯವರು ವರ್ಷದ 2,500 ರೂಪಾಯಿಯನ್ನು ಆ ತಿಂಗಳ 30ರೊಳಗೇ ಕಟ್ಟಬೇಕು. ರಿಟರ್ನ್ ಹಾಕಲು ಮಾತ್ರ ಅವಸರ ಬೇಡ. ಕೊನೆಯ ಮೂರು ತಿಂಗಳ ಟಿಡಿಎಸ್ ಮೇ 31ರ ನಂತರವೇ 26ಎಎಸ್‌ಗೆ ಬರುವುದರಿಂದ ಜೂನ್ ಎರಡನೇ ವಾರದವರೆಗೆ ಕಾಯುವುದು ಒಳ್ಳೆಯದು. ಜೂನ್ ಕಂತಿಗೆ ಹೇಗೂ ಪೋರ್ಟಲ್ ತೆರೆಯುತ್ತೀರಿ, ಹಳೆಯ ವರ್ಷದ ತಾಳೆಯನ್ನೂ ಅಂದೇ ಮುಗಿಸಿ, ಜುಲೈ ಮೊದಲ ಎರಡು ವಾರಗಳಲ್ಲಿ ರಿಟರ್ನ್ ಹಾಕಿ. ಹಾಕಿದ 30 ದಿನದೊಳಗೆ ಇ-ವೆರಿಫೈ ಮಾಡದಿದ್ದರೆ ಅದು ಸಕಾಲಕ್ಕೆ ಸಲ್ಲಿಸಿದಂತೆ ಆಗುವುದಿಲ್ಲ. ಆಧಾರ್ ಒಟಿಪಿಯಿಂದ ಅದೇ ಕೂರಿನಲ್ಲಿ ಮುಗಿಸಿಬಿಡುವುದು ಜಾಣತನ.

ದಾಖಲೆಗೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ, ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಬಿಲ್ಲಿಗೆ ಒಂದು ಸಾಲು: ಸಂಖ್ಯೆ, ತಾರೀಕು, ಯಾರಿಗೆ, ಬಿಲ್ಲಿನ ಮೊತ್ತ, ಟಿಡಿಎಸ್, ಬ್ಯಾಂಕಿಗೆ ಬಂದದ್ದು, ಬಂದ ದಿನ. ಇಲ್ಲಿ ಬಿಲ್ಲಿನ ಮೊತ್ತ ಮತ್ತು ಬಂದ ಮೊತ್ತ ಬೇರೆ ಬೇರೆ ಕಾಲಮಿನಲ್ಲೇ ಇರಬೇಕು. 60,000ದ ಬಿಲ್ಲಿಗೆ ಖಾತೆಗೆ 54,000 ಬಂದರೆ ಆದಾಯ 60,000ವೇ, ಹಿಡಿದ 6,000 ನೀವು ಆಗಲೇ ಕಟ್ಟಿದ ತೆರಿಗೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ನೋಡಿ 54,000 ಎಂದು ಬರೆದು, ಟಿಡಿಎಸ್ ಕ್ರೆಡಿಟನ್ನೂ ಕೇಳಿದರೆ ಇಲಾಖೆಯ ಕಂಪ್ಯೂಟರಿಗೆ ವ್ಯತ್ಯಾಸ ತಕ್ಷಣ ಕಾಣುತ್ತದೆ, ನೋಟಿಸ್ ಬರುತ್ತದೆ. ವೃತ್ತಿಯ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟವರಿಗೆ ಈ ತಾಳೆ ಒಂದು ಸಂಜೆಯ ಕೆಲಸ. ಮನೆಯ ಖರ್ಚೂ ಅದರಲ್ಲೇ ಬೆರೆತವರಿಗೆ ವಾರಾಂತ್ಯವೇ ಬೇಕು.

ಈ ಹಾಳೆ, ಬಿಲ್ಲುಗಳು, ಚಲನ್ ರಸೀದಿಗಳನ್ನು ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೂ ಆರು ವರ್ಷ ಇಟ್ಟುಕೊಳ್ಳಬೇಕು. 2025-26ರ ಫೋಲ್ಡರ್ ಮೇಲೆ ‘2033ರ ಮಾರ್ಚ್ 31ರವರೆಗೆ ಅಳಿಸಬಾರದು’ ಎಂದು ಬರೆದಿಡಿ. ರಸೀದಿಯ ಥರ್ಮಲ್ ಕಾಗದ ಅಲ್ಲಿಯವರೆಗೆ ಬಿಳಿಚಿಕೊಂಡಿರುತ್ತದೆ, ಬಂದ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ.