ಬೀದಿ ನಲ್ಲಿಯ ಲೆಕ್ಕ: ಪೀನತೆಯ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ನೇರ ರಸ್ತೆಯೊಂದರ ಪಕ್ಕದಲ್ಲಿ ಮೂರು ಮನೆಗಳಿವೆ ಎನ್ನಿ. ಮೊದಲನೆಯದು ರಸ್ತೆ ಶುರುವಾಗುವಲ್ಲೇ ಇದೆ, ಎರಡನೆಯದು 100 ಮೀಟರ್ ದೂರದಲ್ಲಿ, ಮೂರನೆಯದು 700 ಮೀಟರ್ ದೂರದಲ್ಲಿ. ಮೂರಕ್ಕೂ ಸೇರಿ ಒಂದೇ ಬೀದಿ ನಲ್ಲಿ. ಎಲ್ಲರೂ ನಡೆಯುವ ಒಟ್ಟು ದೂರ ಅತಿ ಕಡಿಮೆಯಾಗಬೇಕಾದರೆ ನಲ್ಲಿಯನ್ನು ಎಲ್ಲಿ ನಿಲ್ಲಿಸಬೇಕು? ನಲ್ಲಿಯ ಜಾಗವನ್ನು x ಎಂದುಕೊಂಡರೆ ಒಟ್ಟು ದೂರ ಹೀಗಿರುತ್ತದೆ:

f(x) = |x| + |x − 100| + |x − 700|

ಬಹಳ ಜನ ತಕ್ಷಣ ಸರಾಸರಿ ತೆಗೆಯುತ್ತಾರೆ. ಅದು ಸುಮಾರು 267 ಮೀಟರ್. ಅಲ್ಲಿ ಒಟ್ಟು ನಡಿಗೆ 867 ಮೀಟರ್ ಆಗುತ್ತದೆ. ನಡುವಿನ ಮನೆಯ ಬಾಗಿಲಲ್ಲೇ, ಅಂದರೆ 100ರಲ್ಲಿ, ನಲ್ಲಿ ಹಾಕಿದರೆ 700 ಮೀಟರ್ ಸಾಕು. ಇದಕ್ಕಿಂತ ಒಳ್ಳೆಯ ಜಾಗ ಇಲ್ಲವೇ ಇಲ್ಲ ಎಂದು ರಸ್ತೆಯ ಉದ್ದಕ್ಕೂ ಅಳೆಯದೆಯೇ ಹೇಳಬಹುದು. ಆ ಧೈರ್ಯ ಎಲ್ಲಿಂದ ಬರುತ್ತದೆ ಎನ್ನುವಲ್ಲೇ ತಪ್ಪು ಕಲ್ಪನೆಗಳು ಸೇರಿಕೊಂಡಿವೆ.

ತಪ್ಪು ಕಲ್ಪನೆ: ಪೀನ ಎಂದರೆ ಉಬ್ಬು, ಆದ್ದರಿಂದ ಪೀನ ಫಲನದ ನಕ್ಷೆ ಗುಡ್ಡದಂತಿರುತ್ತದೆ.

ಶಾಲೆಯ ಪೀನ ಮಸೂರ ತಲೆಯಲ್ಲಿ ಕೂತಿರುವುದರಿಂದ ಈ ಗೊಂದಲ ಸಹಜ. ಪೀನ ಫಲನದ ನಕ್ಷೆ ಗುಡ್ಡದಂತಲ್ಲ, ಬಾಣಲೆಯಂತೆ. ನಕ್ಷೆಯ ಮೇಲೆ ಎರಡು ಬಿಂದು ಹಿಡಿದು ಅವುಗಳ ನಡುವೆ ದಾರ ಬಿಗಿಯಿರಿ. ನಕ್ಷೆ ಎಲ್ಲಿಯೂ ಆ ದಾರವನ್ನು ದಾಟಿ ಮೇಲಕ್ಕೆ ಹೋಗಬಾರದು. ಪೀನ ಗಣದ ವ್ಯಾಖ್ಯೆಯಲ್ಲೂ ಇದೇ ದಾರವಿದೆ: ಗಣದ ಯಾವುದೇ ಎರಡು ಬಿಂದುಗಳನ್ನು ಸೇರಿಸುವ ರೇಖಾಖಂಡ ಪೂರ್ತಿ ಗಣದೊಳಗೇ ಇರಬೇಕು. ಹೋಳಿಗೆ ಪೀನ, ಉದ್ದಿನ ವಡೆ ಅಲ್ಲ. ಬಾಣಲೆಗೂ ಉಬ್ಬಿಗೂ ಇರುವ ನಂಟು ಇಷ್ಟೇ: ನಕ್ಷೆಯ ಮೇಲ್ಭಾಗದ ಪ್ರದೇಶವನ್ನೆಲ್ಲ ತುಂಬಿದರೆ ಅದು ಪೀನ ಗಣವಾಗುತ್ತದೆ. ಬಾಣಲೆಯನ್ನು ಕೆಳಗಿನಿಂದ ನೋಡಿದವರಿಗೆ ಅದು ಉಬ್ಬೇ ತಾನೆ.

ತಪ್ಪು ಕಲ್ಪನೆ: ಇಳಿಜಾರು ಸೊನ್ನೆಯಾದಲ್ಲಿ ಕನಿಷ್ಠ, ಸ್ಥಳೀಯ ಕನಿಷ್ಠವೇ ಸಮಗ್ರ ಕನಿಷ್ಠವಾಗುವುದು ಕಲನಶಾಸ್ತ್ರದ ಕೊಡುಗೆ.

ನಮ್ಮ ನಲ್ಲಿಯ ಲೆಕ್ಕವೇ ಇದಕ್ಕೆ ಉತ್ತರ. 100ರ ಎಡಕ್ಕೆ ಇಳಿಜಾರು −1, ಬಲಕ್ಕೆ +1. ಆ ಬಿಂದುವಿನಲ್ಲಿ ನಕ್ಷೆಗೆ ಮೂಲೆಯಿದೆ, ಅಲ್ಲಿ ಇಳಿಜಾರು ಎನ್ನುವುದೇ ಇಲ್ಲ. ಆದರೂ ಅದು ಕನಿಷ್ಠ. ಇಲ್ಲಿ ಕೆಲಸ ಮಾಡುವುದು ದಾರ ಒಂದೇ.

ಒಬ್ಬರು ಬಂದು "250ರಲ್ಲಿ ನಲ್ಲಿ ಹಾಕೋಣ, ಆಚೀಚೆ ಸ್ವಲ್ಪ ಸರಿಸಿ ನೋಡಿದೆ, ಇದೇ ಕಡಿಮೆ" ಎಂದರು ಎನ್ನಿ. 250ರಲ್ಲಿ ಒಟ್ಟು ನಡಿಗೆ 850. ನಮಗೋ 100ರಲ್ಲಿ 700 ಸಿಗುತ್ತದೆಂದು ಗೊತ್ತು. ಈ ಎರಡು ಬಿಂದುಗಳ ನಡುವೆ ದಾರ ಬಿಗಿಯೋಣ. 250ರಿಂದ 100ರ ಕಡೆಗೆ ಹತ್ತನೇ ಒಂದು ಪಾಲು ನಡೆದರೆ 235ಕ್ಕೆ ಬರುತ್ತೇವೆ. ಅಲ್ಲಿ ದಾರದ ಎತ್ತರ 850ರ ಒಂಬತ್ತು ಪಾಲು, 700ರ ಒಂದು ಪಾಲು, ಅಂದರೆ 835. ನಮ್ಮ f ಪೀನ, ಪೀನ ಫಲನ ದಾರದ ಮೇಲೆ ಹೋಗುವಂತಿಲ್ಲವಾದ್ದರಿಂದ 235ರಲ್ಲಿ ಒಟ್ಟು ನಡಿಗೆ 835ನ್ನು ಮೀರದು. ನೂರನೇ ಒಂದು ಪಾಲು ಮಾತ್ರ ಸರಿದು 248.5ರಲ್ಲಿ ನಿಂತರೂ ದಾರ 848.5ಕ್ಕೆ ಇಳಿದಿರುತ್ತದೆ. ಎಷ್ಟು ಚಿಕ್ಕ ಹೆಜ್ಜೆ ಇಟ್ಟರೂ 850ಕ್ಕಿಂತ ಕೆಳಗೇ. ಹಾಗಾದರೆ ಅವರು ಆಚೀಚೆ ಸರಿಸಿ ನೋಡಿದ್ದೇ ಸುಳ್ಳು. 250 ಸ್ಥಳೀಯ ಕನಿಷ್ಠವೂ ಆಗಿರಲಾರದು.

ಸಾಬೀತು ಇಷ್ಟೇ. ದೂರದಲ್ಲೆಲ್ಲೋ ಇನ್ನೂ ಕೆಳಗಿನ ಬಿಂದುವಿದ್ದರೆ ಅದರ ಸುಳಿವು ನಿಮ್ಮ ಕಾಲಬುಡದಲ್ಲೇ ಸಿಗುತ್ತದೆ. ಕಾಲಬುಡದಲ್ಲಿ ಸುಳಿವಿಲ್ಲವೆಂದರೆ ದೂರದಲ್ಲೂ ಇಲ್ಲ. ರಸ್ತೆಯ ಬದಲು ಮೈದಾನವಿರಲಿ, ಸಾವಿರ ಚರಾಂಶಗಳಿರಲಿ, ವಾದ ಬದಲಾಗುವುದಿಲ್ಲ. ಎರಡು ಬಿಂದುಗಳ ನಡುವಿನ ದಾರ ಎಲ್ಲಿದ್ದರೂ ದಾರವೇ. ಪೀನ ಫಲನಗಳ ಬಗ್ಗೆ 1906ರಲ್ಲಿ ಹೆಸರಾಂತ ಲೇಖನ ಬರೆದ ಡೆನ್ಮಾರ್ಕಿನ ಯೋಹಾನ್ ಯೆನ್ಸನ್ ದಾರದ ನಟ್ಟನಡುವಿನ ಬಿಂದುವನ್ನು ಮಾತ್ರ ಇಟ್ಟುಕೊಂಡು ವ್ಯಾಖ್ಯೆ ಶುರುಮಾಡಿದರು.

ತಪ್ಪು ಕಲ್ಪನೆ: ಪೀನವಾದರೆ ಕನಿಷ್ಠ ಬಿಂದು ಇದ್ದೇ ಇರುತ್ತದೆ, ಅದೂ ಒಂದೇ ಒಂದು.

ಎರಡೂ ಅಲ್ಲ. 300ರಲ್ಲಿ ನಾಲ್ಕನೆಯ ಮನೆ ಎದ್ದಿತೆನ್ನಿ. ಆಗ 100ರಿಂದ 300ರವರೆಗೆ ಎಲ್ಲಿ ನಲ್ಲಿ ಹಾಕಿದರೂ ಒಟ್ಟು ನಡಿಗೆ 900 ಮೀಟರ್. ಬಾಣಲೆಯ ತಳ ಚಪ್ಪಟೆ. ಇನ್ನು e^x ಪೀನವೇ, ಆದರೆ ಎಡಕ್ಕೆ ಹೋದಷ್ಟೂ ಸೊನ್ನೆಯತ್ತ ಇಳಿಯುತ್ತಲೇ ಇರುತ್ತದೆ, ಎಲ್ಲೂ ತಳ ಮುಟ್ಟುವುದಿಲ್ಲ. ಪೀನತೆ ಕೊಡುವ ಮಾತು ಒಂದೇ: ಸ್ಥಳೀಯ ಕನಿಷ್ಠ ಸಿಕ್ಕಿದರೆ ಅದಕ್ಕಿಂತ ಕೆಳಗೆ ಇನ್ನೇನೂ ಇಲ್ಲ.

ತಪ್ಪು ಕಲ್ಪನೆ: ಒಂದೇ ತಗ್ಗು ಇದ್ದರೆ ಸಾಕು, ಅದೇ ಪೀನತೆ.

ಇದು ಓದಿದವರನ್ನೂ ಬೀಳಿಸುವ ತಪ್ಪು. ದೂರ ಹೆಚ್ಚಿದಷ್ಟೂ ಒಂದೊಂದು ಮೀಟರಿನ ಹೆಚ್ಚುವರಿ ಶ್ರಮ ಕಡಿಮೆಯಾಗುತ್ತದೆಂದು ಯಾರೋ ವಾದಿಸಿ, ದೂರದ ಬದಲು ದೂರದ ವರ್ಗಮೂಲವನ್ನು ಲೆಕ್ಕಕ್ಕೆ ಹಿಡಿದರೆನ್ನಿ. ಒಂದೇ ಮನೆಯಿದ್ದರೆ ತೊಂದರೆಯಿಲ್ಲ. ತಗ್ಗು ಒಂದೇ, ಅದೂ ಮನೆಯ ಬಾಗಿಲಲ್ಲಿ. ಆದರೆ ಅದರ ನಕ್ಷೆ ತಗ್ಗಿನ ಎರಡೂ ಕಡೆ ಹೊರಕ್ಕೆ ಬಾಗಿ ದಾರವನ್ನು ದಾಟುತ್ತದೆ, ಅಂದರೆ ಪೀನವಲ್ಲ. ಇದರ ಬೆಲೆ ಕೂಡಿಸುವಾಗ ತೆರಬೇಕಾಗುತ್ತದೆ. ಮೂರು ಮನೆಗಳ ವರ್ಗಮೂಲಗಳನ್ನು ಕೂಡಿದರೆ 100ರಲ್ಲಿ ಸುಮಾರು 34.5, 0ಯಲ್ಲಿ 36.5, 700ರಲ್ಲಿ 51. ಈ ಮೂರೂ ಸ್ಥಳೀಯ ಕನಿಷ್ಠಗಳೇ! 700ರಿಂದ ಹತ್ತು ಮೀಟರ್ ಹಿಂದಕ್ಕೆ ಸರಿದು 690ಕ್ಕೆ ಬಂದರೆ ಮೊತ್ತ 53.7ಕ್ಕೆ ಏರುತ್ತದೆ. ಅಲ್ಲಿಂದ ಹುಡುಕಲು ಹೊರಟವರು ಅತಿ ಕೆಟ್ಟ ತಗ್ಗಿನಲ್ಲೇ ಕೂತುಬಿಡುತ್ತಾರೆ. ಪೀನ ಫಲನಗಳನ್ನು ಎಷ್ಟು ಕೂಡಿದರೂ ಮೊತ್ತ ಪೀನವೇ, ಏಕೆಂದರೆ ದಾರಗಳ ಎತ್ತರಗಳೂ ಹಾಗೆಯೇ ಕೂಡುತ್ತವೆ. ಒಂದೇ ತಗ್ಗಿನ ಫಲನಗಳಿಗೆ ಆ ಗುಣ ಇಲ್ಲ.

ತಪ್ಪು ಕಲ್ಪನೆ: ಫಲನ ಪೀನವಾಗಿದ್ದರೆ ಸಾಕು, ಗಣ ಹೇಗಿದ್ದರೇನು.

ಮತ್ತೆ ಮೂರು ಮನೆಗಳ ಮೊದಲ ಲೆಕ್ಕಕ್ಕೆ ಬರೋಣ. ಫಲನ ಅದೇ, ಪೀನವೇ. ಆದರೆ ರಸ್ತೆಯ 50ರಿಂದ 250 ಮೀಟರ್ ನಡುವೆ ಬಂಡೆಯಿದೆ, ಅಲ್ಲಿ ಪೈಪ್ ಹೂಳಲಾಗದು ಎನ್ನಿ. ಈಗ ನಲ್ಲಿಗೆ ಉಳಿದದ್ದು ಎರಡು ತುಂಡು ರಸ್ತೆ. 50ರಲ್ಲಿ ಒಟ್ಟು ನಡಿಗೆ 750. ಎಡಕ್ಕೆ ಸರಿದರೆ ಹೆಚ್ಚುತ್ತದೆ. 250ರಲ್ಲಿ 850, ಬಲಕ್ಕೆ ಹತ್ತು ಮೀಟರ್ ಸರಿದರೆ 860. ಎರಡೂ ಸ್ಥಳೀಯ ಕನಿಷ್ಠಗಳು, ಸಮಗ್ರ ಕನಿಷ್ಠ ಮಾತ್ರ ಒಂದು. ನಮ್ಮ ಸಾಬೀತು ಎಲ್ಲಿ ಮುರಿಯಿತು? 250ರಿಂದ 50ರ ಕಡೆಗೆ ಇಟ್ಟ ಮೊದಲ ಚಿಕ್ಕ ಹೆಜ್ಜೆಯೇ ಬಂಡೆಯ ಮೇಲೆ ಬಿತ್ತು. ದಾರದ ಕೆಳಗೆ ಫಲನ ಇಳಿದೇ ಇದೆ, ಆದರೆ ನಿಲ್ಲಲು ನೆಲವಿಲ್ಲ.

ಕಂಪ್ಯೂಟರಿಗೆ ಕೊಟ್ಟ ಪೀನ ಫಲನದ ಲೆಕ್ಕ ಬೇರೆ ಬೇರೆ ಆರಂಭಬಿಂದುಗಳಿಂದ ಹೊರಟಾಗ ಬೇರೆ ಬೇರೆ ಬೆಲೆಗಳಲ್ಲಿ ನಿಂತರೆ ಮೊದಲು ಅನುಮಾನಿಸಬೇಕಾದದ್ದು ಇಂಥ ಬಂಡೆಯನ್ನು. ಬಿಂದುಗಳು ಬೇರೆಯಾಗಿ ಬೆಲೆ ಒಂದೇ ಆಗಿದ್ದರೆ ಅದು ಚಪ್ಪಟೆ ತಳವಿರಬಹುದು, ಗಾಬರಿ ಬೇಡ. ಬಂಡೆಗೆ ಪರಿಹಾರ ಹಳೆಯದೇ: ಗಣವನ್ನು ಪೀನ ತುಂಡುಗಳಾಗಿ ಒಡೆದು, ಒಂದೊಂದರಲ್ಲೂ ಕನಿಷ್ಠ ಹುಡುಕಿ, ಹೋಲಿಸುವುದು. ಇಲ್ಲಿ ತುಂಡುಗಳು ಎರಡೇ ಇರುವುದರಿಂದ ಹೋಲಿಕೆ ಸುಲಭ, ನಲ್ಲಿ 50ರಲ್ಲಿ ನಿಲ್ಲುತ್ತದೆ. ಇಂಥ ಬಂಡೆಗಳು ಇಪ್ಪತ್ತಾಗಿ, ನಿಲ್ಲಿಸಬೇಕಾದ ನಲ್ಲಿಗಳೂ ಇಪ್ಪತ್ತಾದರೆ ಹೋಲಿಸಬೇಕಾದ ಜೋಡಣೆಗಳ ಸಂಖ್ಯೆ ವಿಪರೀತ ಬೆಳೆಯುತ್ತದೆ.