ಸಂಬಳ ಬಾರದ ದಿನ ಪೇರೋಲ್‌ಗೆ ಬರೆಯುವ ಇಮೇಲ್

ತಿಂಗಳ ಕೊನೆಯ ದಿನ ಕಳೆದರೂ ಸಂಬಳದ ಮೆಸೇಜ್ ಬಂದಿಲ್ಲ. ಮೆಸೇಜನ್ನೇ ನಂಬದೆ ಮೊದಲು ಖಾತೆಯ ಸ್ಟೇಟ್‌ಮೆಂಟ್ ನೋಡಿ, ಪಕ್ಕದ ಟೇಬಲಿನವರನ್ನೂ ವಿಚಾರಿಸಿ. ಯಾರಿಗೂ ಬಂದಿಲ್ಲವೆಂದರೆ ಕಂಪನಿಯೇ ತಡಮಾಡಿರಬಹುದು. ನಿಮಗೊಬ್ಬರಿಗೇ ಬಂದಿಲ್ಲವೆಂದರೆ ಹೀಗೆ ಬರೆಯಿರಿ:

‘ವಿಷಯ: ಜೂನ್ ಸಂಬಳ ಜಮಾ ಆಗಿಲ್ಲ, ಉದ್ಯೋಗಿ ಸಂಖ್ಯೆ 2147.
ಮಾನ್ಯರೇ, ಪ್ರತಿ ತಿಂಗಳು 30ಕ್ಕೆ ಬರುವ ಸಂಬಳ ಜುಲೈ 1ರ ಬೆಳಿಗ್ಗೆ 10ರವರೆಗೂ ಬಂದಿಲ್ಲ. ಸಹೋದ್ಯೋಗಿಗಳಿಗೆ ಬಂದಿದೆ. 4410ರಿಂದ ಕೊನೆಯಾಗುವ ನನ್ನ ಖಾತೆಗೆ ಹಣ ಕಳಿಸಿದ್ದರೆ ಯುಟಿಆರ್ ಸಂಖ್ಯೆ ತಿಳಿಸಿ. ಕಳಿಸಿಲ್ಲವಾದರೆ ಕಾರಣವನ್ನೂ ಜಮಾ ಆಗುವ ದಿನಾಂಕವನ್ನೂ ತಿಳಿಸಿ.’

ಇಎಂಐ ಕಟ್ಟಬೇಕು, ಮನೆ ಬಾಡಿಗೆ ಕೊಡಬೇಕು ಎಂಬ ಗೋಳು ಇಲ್ಲಿ ಬೇಡ. ಓದುವ ಗುಮಾಸ್ತರಿಗೆ ಅದರಿಂದ ಹುಡುಕಲು ಏನೂ ಸಿಗುವುದಿಲ್ಲ. ಪತ್ರದ ಜೀವಾಳ ಯುಟಿಆರ್. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ ಅದು. ಅದನ್ನು ಹಿಡಿದು ನಿಮ್ಮ ಬ್ಯಾಂಕಿಗೆ ಹೋದರೆ ಹಣ ಜಮಾ ಆಯಿತೋ, ವಾಪಸಾಯಿತೋ ಹೇಳುತ್ತಾರೆ.

ವಾಪಸಾಗುವುದಕ್ಕೆ ಮುಚ್ಚಿದ ಖಾತೆ ಅಥವಾ ಹಳೆಯ ಐಎಫ್‌ಎಸ್‌ಸಿ ಕಾರಣವಾಗಬಹುದು. ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಮೇಲೆ, SYNB ಎಂದು ಶುರುವಾಗುವ ಕೋಡ್‌ಗಳು 2021ರ ಜುಲೈ 1ರಿಂದ ನಡೆಯದಾದವು. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದ್ದರೆ ಇನ್ನೂ ಕಷ್ಟ. ನೆಫ್ಟ್‌ನಲ್ಲಿ ಹೆಸರು ನೋಡದೆ ಸಂಖ್ಯೆಯ ಮೇಲೆಯೇ ಜಮಾ ಆಗುವುದರಿಂದ ಹಣ ಬೇರೊಬ್ಬರ ಪಾಲಾಗಿರಬಹುದು. ಖಾತೆ ಬದಲಿಸಿದ್ದವರು ಅದೇ ಇಮೇಲಿಗೆ ರದ್ದು ಮಾಡಿದ ಚೆಕ್‌ನ ಪ್ರತಿ ಲಗತ್ತಿಸುವುದು ಒಳ್ಳೆಯದು.